ಹೊಸಬರು ಬಂದರು, ಹಳಬರ ಕೆಲಸ ಎಲ್ಲಿಗೆ ಹೋಯಿತು?

ಕಂಪನಿಗೆ ಹೊಸದಾಗಿ ಒಬ್ಬರು ಸೇರುತ್ತಿದ್ದಾರೆ ಎಂದು ಎಲ್ಲರಿಗೂ ತಿಳಿಸುವ ಮೇಲ್ ಬೆಂಗಳೂರಿನ ಯಾವ ಕಚೇರಿಯಲ್ಲಿ ಹುಟ್ಟಿದರೂ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಮೊದಲ ಸಾಲಿನಲ್ಲಿ ಸಂತೋಷ, ಎರಡನೆಯದರಲ್ಲಿ ಹುದ್ದೆಯ ಹೆಸರು. ಆಮೇಲೆ ಓದಿದ ಕಾಲೇಜು, ದುಡಿದ ಕಂಪನಿಗಳು, ಇಷ್ಟು ವರ್ಷಗಳ ಅಪಾರ ಅನುಭವ. ಕೊನೆಗೆ ಸೇರುವ ತಾರೀಕು, ನಗುಮುಖದ ಒಂದು ಫೋಟೊ, ಬಿಡುವಿದ್ದಾಗ ಟ್ರೆಕ್ಕಿಂಗ್ ಹೋಗುತ್ತಾರೆ ಎಂಬ ಮಾಹಿತಿ. ಹತ್ತು ನಿಮಿಷದೊಳಗೆ ಅಭಿನಂದನೆಯ ಉತ್ತರಗಳು ಸಾಲುಗಟ್ಟುತ್ತವೆ. ಬರೆದ ಎಚ್‌ಆರ್ ಅಧಿಕಾರಿ ತನ್ನ ಕೆಲಸ ಮುಗಿಯಿತೆಂದು ಮುಂದಿನ ಫೈಲಿಗೆ ಕೈಹಾಕುತ್ತಾರೆ.

ಅಭಿನಂದನೆ ಹೇಳಿದವರೇ ಅರ್ಧ ಗಂಟೆ ಬಿಟ್ಟು ಕ್ಯಾಂಟೀನಿನಲ್ಲಿ ಕೂತು ಆಡುವ ಮಾತು ಬೇರೆ. ಇವರು ಯಾರಿಗೆ ರಿಪೋರ್ಟ್ ಮಾಡ್ತಾರಂತೆ? ನಮ್ಮ ಇನ್‌ಚಾರ್ಜ್ ಕಥೆ ಏನು? ಒಳಗಿನವರು ಯಾರೂ ಸಿಗಲಿಲ್ಲವಾ? ಈ ಪ್ರಶ್ನೆಗಳಿಗೆ ಮೇಲ್‌ನಲ್ಲಿ ಉತ್ತರವಿಲ್ಲ. ಉತ್ತರ ಇಲ್ಲದಿರುವುದನ್ನೇ ಜನ ಉತ್ತರ ಎಂದು ಓದಿಕೊಳ್ಳುತ್ತಾರೆ, ಅದೂ ಇದ್ದುದರಲ್ಲಿ ಕೆಟ್ಟ ಉತ್ತರವಾಗಿ.

ನೇಮಕದ ಪ್ರಕಟಣೆ ಹೊಸಬರನ್ನು ಕುರಿತದ್ದಾದರೂ ಅದನ್ನು ಓದುವವರೆಲ್ಲ ಹಳಬರು. ಹೊಸಬರಿಗೆ ತಾವು ಯಾರೆಂದು ಗೊತ್ತಿದೆ, ತಮ್ಮ ಕೆಲಸವೇನೆಂದು ಆಫರ್ ಲೆಟರ್‌ನಲ್ಲಿ ಬರೆದಿದೆ. ಗೊತ್ತಿಲ್ಲದೆ ಇರುವವರು ಉಳಿದವರು. ಆದ್ದರಿಂದ ಪ್ರಕಟಣೆಯ ಬಹುಪಾಲು ಜಾಗ ಸಲ್ಲಬೇಕಾದದ್ದು ಪಾತ್ರಕ್ಕೆ, ಅದರಲ್ಲೂ ಯಾರ ಕೈಯಲ್ಲಿದ್ದ ಯಾವ ಕೆಲಸ ಯಾರ ಕೈಗೆ ದಾಟುತ್ತದೆ ಎಂಬುದಕ್ಕೆ. ಹಿನ್ನೆಲೆ ಎರಡು ಸಾಲಿಗೆ ಇಳಿಯಬೇಕು, ತಾರೀಕು ಒಂದರ ಬದಲು ಎರಡಾಗಬೇಕು ಎಂಬುದು ನನ್ನ ವಾದ. ಈಗಿನ ರೂಢಿಯಲ್ಲಿ ಈ ಪ್ರಮಾಣ ಪೂರ್ತಿ ತಲೆಕೆಳಗಾಗಿದೆ.

ಇದನ್ನು ಸರಿಯಾಗಿ ಮಾಡುವವರು ಯಾರೆಂದು ಹುಡುಕಿದರೆ ಸಿಗುವ ಮೊದಲ ಉದಾಹರಣೆ ಖಾಸಗಿ ಕಂಪನಿಗಳಿಗೆ ರುಚಿಸಲಾರದು: ಸರ್ಕಾರದ ವರ್ಗಾವಣೆ ಆದೇಶ. ಭಾಷೆ ಒಣಕಲು, ಸ್ವಾಗತದ ಸುಳಿವಿಲ್ಲ, ಯಾರ ಹವ್ಯಾಸವೂ ಅದರಲ್ಲಿ ಬರುವುದಿಲ್ಲ. ಆದರೆ ಬರುವ ಅಧಿಕಾರಿಯ ಹೆಸರಿನ ಎದುರು ಅವರು ಇಂಥವರ ಸ್ಥಳಕ್ಕೆ ಬರುತ್ತಿದ್ದಾರೆ ಅಥವಾ ಖಾಲಿ ಹುದ್ದೆಗೆ ಬರುತ್ತಿದ್ದಾರೆ ಎಂದು ಸ್ಪಷ್ಟವಾಗಿ ಇರುತ್ತದೆ. ಜಾಗ ಬಿಟ್ಟುಕೊಡುವವರು ಎಲ್ಲಿಗೆ ಹೋಗಬೇಕೆಂದು ಅದೇ ಆದೇಶದಲ್ಲೋ ಅದರ ಮಗ್ಗುಲಿನದರಲ್ಲೋ ಸಿಗುತ್ತದೆ. ಆದೇಶದ ದಿನ ಬೇರೆ, ಚಾರ್ಜ್ ತೆಗೆದುಕೊಳ್ಳುವ ದಿನ ಬೇರೆ ಎಂಬುದು ಅಲ್ಲಿನ ಗುಮಾಸ್ತನಿಗೂ ಗೊತ್ತು. ಒಬ್ಬರು ಚಾರ್ಜ್ ಕೊಟ್ಟು ಇನ್ನೊಬ್ಬರು ಚಾರ್ಜ್ ತೆಗೆದುಕೊಂಡು ಇಬ್ಬರೂ ಸಹಿ ಹಾಕುವವರೆಗೆ ಕುರ್ಚಿ ಯಾರದೆಂಬ ಅನುಮಾನಕ್ಕೆ ಅಲ್ಲಿ ಎಡೆ ಕಡಿಮೆ. ಆ ವ್ಯವಸ್ಥೆಯ ಉಳಿದ ರೋಗಗಳನ್ನು ಬಲ್ಲವರಿಗೂ ಈ ಒಂದು ಗುಣವನ್ನು ಒಪ್ಪಲು ಕಷ್ಟವಾಗಬಾರದು.

ಎರಡನೆಯ ಉದಾಹರಣೆ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳದ್ದು. ನಿರ್ದೇಶಕರು, ಪ್ರಮುಖ ಅಧಿಕಾರಿಗಳು, ಹಿರಿಯ ಆಡಳಿತದವರು ಬದಲಾದಾಗ ಸೆಬಿಯ 2015ರ ಲಿಸ್ಟಿಂಗ್ ನಿಯಮಗಳ ಪ್ರಕಾರ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. 2023ರ ತಿದ್ದುಪಡಿಯ ನಂತರ ನೇಮಕವಾದರೆ ಅದಕ್ಕಿರುವ ಸಮಯ ಹೆಚ್ಚೆಂದರೆ 12 ಗಂಟೆ. ಏನೇನು ತಿಳಿಸಬೇಕೆಂದೂ ಸೆಬಿ ಪಟ್ಟಿ ಕೊಟ್ಟಿದೆ: ನೇಮಕದ ದಿನ ಮತ್ತು ಅವಧಿ, ಸಂಕ್ಷಿಪ್ತ ಪರಿಚಯ, ಬದಲಾವಣೆಗೆ ಕಾರಣ, ಮತ್ತು ನೇಮಕವಾಗುತ್ತಿರುವವರು ನಿರ್ದೇಶಕರಾಗಿದ್ದರೆ ಉಳಿದ ನಿರ್ದೇಶಕರೊಂದಿಗೆ ಅವರಿಗಿರುವ ಸಂಬಂಧ. ಮೊದಲಿನ ಎರಡು ನಮ್ಮ ಒಳಗಿನ ಮೇಲ್‌ಗಳಲ್ಲೂ ಇರುತ್ತವೆ. ಕೊನೆಯ ಎರಡು, ಅಂದರೆ ಏಕೆ ಈ ಬದಲಾವಣೆ ಮತ್ತು ಇವರು ಯಾರ ಕಡೆಯವರು ಎಂಬುದು, ಇರುವುದಿಲ್ಲ. ಕ್ಯಾಂಟೀನಿನಲ್ಲಿ ಚರ್ಚೆಯಾಗುವುದು ಇವೆರಡೇ. ಹೂಡಿಕೆದಾರನಿಗೆ ಹೇಳಲೇಬೇಕೆಂದು ಕಾನೂನು ಒತ್ತಾಯಿಸುವ ಸಂಗತಿಯನ್ನು ಅದೇ ಮನುಷ್ಯನ ಕೈಕೆಳಗೆ ದುಡಿಯಬೇಕಾದವರಿಗೆ ಹೇಳುವುದು ಅನಗತ್ಯ ಎಂದು ನಾವು ಹೇಗೆ ನಂಬಿದೆವೋ ತಿಳಿಯದು.

ಇನ್ಫೋಸಿಸ್ 2017ರ ಡಿಸೆಂಬರ್ 2ರಂದು ಸಲೀಲ್ ಪಾರೇಖ್ ಅವರ ನೇಮಕವನ್ನು ಪ್ರಕಟಿಸಿದ ರೀತಿಯನ್ನು ಈ ಕಣ್ಣಿನಿಂದ ನೋಡಬಹುದು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟಿದ್ದರು. ನಡುವಿನ ತಿಂಗಳುಗಳಲ್ಲಿ ಹಂಗಾಮಿ ಮುಖ್ಯಸ್ಥರಾಗಿ ನಿಂತಿದ್ದವರು ಕಂಪನಿಯಲ್ಲೇ ಬೆಳೆದ ಯು.ಬಿ. ಪ್ರವೀಣ್ ರಾವ್. ಹೊಸಬರು ಕ್ಯಾಪ್‌ಜೆಮಿನಿಯಿಂದ, ಅಂದರೆ ಹೊರಗಿನಿಂದ ಬರುವವರು. ಪ್ರಕಟಣೆಯಲ್ಲಿ ಪಾರೇಖ್ ಅವರ ಓದು, ಅನುಭವ ಎಲ್ಲ ಇತ್ತು. ಅದರ ಜೊತೆಗೆ, ಅವರು 2018ರ ಜನವರಿ 2ರಂದು ಅಧಿಕಾರ ವಹಿಸಿಕೊಳ್ಳುತ್ತಾರೆ, ಅವಧಿ ಐದು ವರ್ಷ, ಅದೇ ದಿನ ಪ್ರವೀಣ್ ರಾವ್ ಹಂಗಾಮಿ ಹುದ್ದೆಯಿಂದ ಇಳಿದು ಸಿಒಒ ಮತ್ತು ಪೂರ್ಣಾವಧಿ ನಿರ್ದೇಶಕರಾಗಿ ಮುಂದುವರಿಯುತ್ತಾರೆ ಎಂಬುದೂ ಇತ್ತು. ಲಕ್ಷಗಟ್ಟಲೆ ನೌಕರರಿದ್ದ ಆ ಕಂಪನಿಯಲ್ಲಿ ಅಂದು ನೂರಾರು ಜನ ಮ್ಯಾನೇಜರುಗಳು ಓದಲು ಕಾದಿದ್ದ ಸಾಲು ಇದೇ ಇರಬೇಕು ಎಂದು ನನ್ನ ಊಹೆ. ಪಾರೇಖ್ ಕಾರ್ನೆಲ್‌ನಲ್ಲಿ ಓದಿದ್ದು ಆ ಮ್ಯಾನೇಜರುಗಳ ನಾಳಿನ ದಿನವನ್ನು ಬದಲಿಸುವುದಿಲ್ಲ. ಪ್ರವೀಣ್ ರಾವ್ ಇರುತ್ತಾರೋ ಹೋಗುತ್ತಾರೋ ಎಂಬುದು ಬದಲಿಸುತ್ತದೆ.

ದೊಡ್ಡ ಕಂಪನಿಯ ತುದಿಯ ಹುದ್ದೆಗೆ ವಕೀಲರು, ಕಂಪನಿ ಸೆಕ್ರೆಟರಿಗಳು ಕೂತು ಅಕ್ಷರ ಅಕ್ಷರ ತೂಗಿ ಬರೆಯುತ್ತಾರೆ. ನಿಜವಾದ ತೊಂದರೆ ಇರುವುದು ನಡುವಿನ ಹುದ್ದೆಗಳಲ್ಲಿ, ನೂರು ಇನ್ನೂರು ಜನರ ಸಂಸ್ಥೆಗಳಲ್ಲಿ. ಹಾಗಾಗಿ ಅಂಥದ್ದೊಂದನ್ನು ಕಲ್ಪಿಸಿಕೊಂಡು ಕೊನೆಯವರೆಗೂ ಹೋಗಿ ನೋಡೋಣ.

ಪೀಣ್ಯದಲ್ಲಿ ಹೈಡ್ರಾಲಿಕ್ ಬಿಡಿಭಾಗಗಳನ್ನು ಮಷಿನಿಂಗ್ ಮಾಡುವ ಒಂದು ಕಾರ್ಖಾನೆ. 180 ಜನ, ಎರಡು ಶಿಫ್ಟ್. ಕ್ವಾಲಿಟಿ ಇನ್‌ಚಾರ್ಜ್ ಡಿಪ್ಲೊಮಾ ಓದಿದವರು, ಇನ್‌ಸ್ಪೆಕ್ಟರ್ ಆಗಿ ಸೇರಿ 16 ವರ್ಷದಲ್ಲಿ ಆ ಜಾಗಕ್ಕೆ ಏರಿದವರು. ದಿನದ ಡಿಸ್ಪ್ಯಾಚ್ ಬಿಡುಗಡೆಗೆ ಅವರ ಸಹಿ, ಗೇಜ್‌ಗಳ ಕ್ಯಾಲಿಬ್ರೇಷನ್ ರಿಜಿಸ್ಟರಿಗೆ ಅವರ ಸಹಿ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್ ವಾಪಸ್ ಕಳಿಸುವುದೂ ಅವರೇ. ಅಳತೆ ಸ್ವಲ್ಪ ಆಚೀಚೆಯಾದ ಲಾಟನ್ನು ಗ್ರಾಹಕರ ಒಪ್ಪಿಗೆ ಪಡೆದು ಕಳಿಸುವಾಗ ಬೇಕಾಗುವ ಡಿವಿಯೇಷನ್ ನೋಟ್‌ಗೂ ಅವರದ್ದೇ ಸಹಿ. ಗ್ರಾಹಕರ ಆಡಿಟ್‌ಗಳು ಹೆಚ್ಚಿ, ಕಾಸ್ಟಿಂಗ್ ದೂರುಗಳು ಏರಿದ ಮೇಲೆ ಎಂಡಿ ಒಬ್ಬ ಕ್ವಾಲಿಟಿ ಹೆಡ್ ಬೇಕೆಂದು ನಿರ್ಧರಿಸುತ್ತಾರೆ. ಬೇರಿಂಗ್ ಕಂಪನಿಯೊಂದರಲ್ಲಿ 11 ವರ್ಷ ದುಡಿದ ಎಂಜಿನಿಯರ್ ಒಬ್ಬರು, ಮೂವತ್ತೈದರ ಆಸುಪಾಸಿನ ಮಹಿಳೆ, ಆಯ್ಕೆಯಾಗುತ್ತಾರೆ. ಮೇಲ್ ಹೋಗುತ್ತದೆ: ಇವರು ನಮ್ಮ ಗುಣಮಟ್ಟ ವಿಭಾಗವನ್ನು ಮುನ್ನಡೆಸುತ್ತಾರೆ, ಪ್ರತಿಷ್ಠಿತ ಕಾಲೇಜಿನ ಪದವೀಧರೆ, ಜೂನ್ 2ರಂದು ಸೇರುತ್ತಾರೆ, ಎಲ್ಲರೂ ಸಹಕರಿಸಿ.

ತಿಂಗಳ ಕೊನೆ ಬರುತ್ತದೆ. 32 ಮಿಲಿಮೀಟರ್ ಬೋರ್‌ನ ಒಂದು ಲಾಟ್. ಡ್ರಾಯಿಂಗ್ ಪ್ರಕಾರ 25 ಮೈಕ್ರಾನ್‌ವರೆಗೆ ದೊಡ್ಡದಾಗಬಹುದು, ಅಳೆದರೆ 30 ಬಂದಿದೆ. ಲಾರಿ ಗೇಟಿನಲ್ಲಿ ನಿಂತಿದೆ. ಪ್ರೊಡಕ್ಷನ್ ಸೂಪರ್‌ವೈಸರ್ ಹೊಸ ಮುಖ್ಯಸ್ಥರ ಕ್ಯಾಬಿನ್ ದಾಟಿ ಹಳೆಯ ಇನ್‌ಚಾರ್ಜ್ ಮೇಜಿಗೆ ಹೋಗುತ್ತಾನೆ. "ಸಾರ್, ಐದು ಮೈಕ್ರಾನ್ ತಾನೆ, ಕಸ್ಟಮರ್ ಹತ್ರ ನಾಳೆ ಮಾತಾಡಿದ್ರಾಯ್ತು, ನೀವೊಂದು ಸಹಿ ಹಾಕ್ಬಿಡಿ." ಇನ್‌ಚಾರ್ಜ್ ಸಹಿ ಹಾಕುತ್ತಾರೆ. ಇದುವರೆಗೆ ಅವರೇ ಹಾಕಿದ್ದಾರೆ, ಹಾಕಬಾರದೆಂದು ಯಾರೂ ಹೇಳಿಲ್ಲ. ಹೊಸ ಮುಖ್ಯಸ್ಥರು ಲಾರಿ ತಡೆಯುತ್ತಾರೆ. ವಿಭಾಗವನ್ನು ಮುನ್ನಡೆಸುವುದೆಂದರೆ ಇಂಥದ್ದನ್ನು ತಡೆಯುವುದೇ ಎಂದು ಅವರು ತಿಳಿದಿದ್ದಾರೆ, ಅದೂ ತಪ್ಪಲ್ಲ. ಮೇಲ್‌ನ ಮಾತಿನ ಪ್ರಕಾರ ಇಬ್ಬರೂ ಸರಿ. ಮಾರನೆಯ ದಿನ ಕಾರ್ಖಾನೆಯಲ್ಲಿ ಹಬ್ಬುವ ಕಥೆ ಮಾತ್ರ ಬೇರೆ: ಮೇಡಂ ಬಂದು ನಮ್ಮ ಸಾರ್‌ಗೆ ಎಲ್ಲರೆದುರು ಅವಮಾನ ಮಾಡಿದರು. ಆಮೇಲೆ ಆರು ತಿಂಗಳು ಯಾವ ಇನ್‌ಸ್ಪೆಕ್ಟರೂ ಹೊಸ ಮುಖ್ಯಸ್ಥರ ಬಳಿ ತಾನಾಗಿ ಹೋಗಿ ಒಂದು ದೋಷ ಹೇಳುವುದಿಲ್ಲ.

ಇದನ್ನು ಸ್ವಭಾವಗಳ ಘರ್ಷಣೆ ಎಂದು ಕರೆದು ಎಚ್‌ಆರ್‌ನವರು ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ನನ್ನ ಮಟ್ಟಿಗೆ ಇದು ಬರವಣಿಗೆಯ ದೋಷ. ನಾಲ್ಕು ಸಹಿಗಳ ಪೈಕಿ ಯಾವುದು ಯಾರದೆಂದು ಮೇಲ್‌ನಲ್ಲಿ ಇರಲಿಲ್ಲ. ಇದ್ದಿದ್ದರೆ ಸೂಪರ್‌ವೈಸರ್‌ಗೆ ಎರಡು ಬಾಗಿಲುಗಳೇ ಇರುತ್ತಿರಲಿಲ್ಲ. ಇಂಥ ಕಾರ್ಖಾನೆಗಳ ಗೋಡೆಯ ಮೇಲೆ ಐಎಸ್ಒ 9001 ಪ್ರಮಾಣಪತ್ರ ಸಾಮಾನ್ಯವಾಗಿ ತೂಗುತ್ತಿರುತ್ತದೆ ಎಂಬುದೊಂದು ತಮಾಷೆ. ಆ ಮಾನದಂಡದ 5.3ನೇ ಭಾಗ ಕೇಳುವುದು ಇದನ್ನೇ: ಜವಾಬ್ದಾರಿ ಮತ್ತು ಅಧಿಕಾರಗಳನ್ನು ಹಂಚಿರಬೇಕು, ಸಂಸ್ಥೆಯೊಳಗೆ ತಿಳಿಸಿರಬೇಕು, ತಿಳಿಸಿದ್ದು ಜನರಿಗೆ ಅರ್ಥವಾಗಿರಬೇಕು. ಆಡಿಟರ್ ಬಂದಾಗ ಫೈಲಿನಿಂದ ತೆಗೆದು ತೋರಿಸುವ ಸಂಘಟನಾ ಚಾರ್ಟ್‌ನಲ್ಲಿ ಅದು ಇದ್ದೇ ಇರುತ್ತದೆ. ಜನ ಓದಿದ ಮೇಲ್‌ನಲ್ಲಿ ಮಾತ್ರ ಇರಲಿಲ್ಲ.

ಹಾಗಾದರೆ ಹೇಗೆ ಬರೆಯಬೇಕಿತ್ತು? ನಾನು ಬರೆಯುವುದಾದರೆ ಹೀಗೆ:

"ಗುಣಮಟ್ಟ ವಿಭಾಗಕ್ಕೆ ಮುಖ್ಯಸ್ಥರನ್ನು ನೇಮಿಸಿದ್ದೇವೆ. ಈ ಹುದ್ದೆ ನಮ್ಮಲ್ಲಿ ಇದುವರೆಗೆ ಇರಲಿಲ್ಲ. ಗ್ರಾಹಕರ ಆಡಿಟ್‌ಗಳೂ ಕಾಸ್ಟಿಂಗ್ ದೋಷಗಳೂ ಹೆಚ್ಚಿರುವುದರಿಂದ ಇವೆರಡನ್ನೇ ಪೂರ್ತಿ ಸಮಯ ನೋಡುವವರು ಬೇಕಾದರು. ಇವರು 11 ವರ್ಷ ಬೇರಿಂಗ್ ತಯಾರಿಕೆಯಲ್ಲಿ ಕೆಲಸ ಮಾಡಿದ್ದಾರೆ. ಅದರಲ್ಲಿ ಕೊನೆಯ ನಾಲ್ಕು ವರ್ಷ ಸಪ್ಲೈಯರ್‌ಗಳ ಗುಣಮಟ್ಟ ನೋಡಿಕೊಂಡಿದ್ದಾರೆ. ಜೂನ್ 2ರಂದು ಸೇರುತ್ತಾರೆ. ಜೂನ್ 15ರವರೆಗೆ ಎಲ್ಲ ಸಹಿಗಳೂ ಈಗಿನಂತೆಯೇ ಇರುತ್ತವೆ. ಜೂನ್ 16ರಿಂದ ಡಿವಿಯೇಷನ್ ನೋಟ್‌ಗೆ ಮತ್ತು ಸಪ್ಲೈಯರ್ ರಿಜೆಕ್ಷನ್‌ಗೆ ಹೊಸ ಮುಖ್ಯಸ್ಥರ ಸಹಿ ಬೇಕು. ಡಿಸ್ಪ್ಯಾಚ್ ಬಿಡುಗಡೆ, ಕ್ಯಾಲಿಬ್ರೇಷನ್, ಶಿಫ್ಟ್ ಇನ್‌ಸ್ಪೆಕ್ಟರ್‌ಗಳ ಹಂಚಿಕೆ ಈಗಿನ ಇನ್‌ಚಾರ್ಜ್ ಅವರಲ್ಲೇ ಉಳಿಯುತ್ತವೆ. ಅವರು ಇನ್ನು ಮುಂದೆ ಎಂಡಿ ಬದಲು ಹೊಸ ಮುಖ್ಯಸ್ಥರಿಗೆ ರಿಪೋರ್ಟ್ ಮಾಡುತ್ತಾರೆ. ಮುಖ್ಯಸ್ಥರು ರಜೆಯಲ್ಲಿದ್ದರೆ ಡಿವಿಯೇಷನ್‌ಗೆ ಪ್ಲಾಂಟ್ ಹೆಡ್ ಸಹಿ ಪಡೆಯಿರಿ."

ಇದರಲ್ಲಿ ಸಂತೋಷದ ಸಾಲು ಇಲ್ಲ. ಬೇಕಾದವರು ಸೇರಿಸಿಕೊಳ್ಳಬಹುದು, ನನಗೆ ತಕರಾರಿಲ್ಲ. ಆದರೆ ಸೂಪರ್‌ವೈಸರ್, ಸ್ಟೋರ್ಸ್‌ನವರು, ಡಿಸ್ಪ್ಯಾಚ್ ಗುಮಾಸ್ತ, ಇನ್‌ಸ್ಪೆಕ್ಟರ್‌ಗಳು ಎಲ್ಲರಿಗೂ ತಮ್ಮ ಕಾಗದ ಹಿಡಿದು ಯಾರ ಬಳಿ ಹೋಗಬೇಕೆಂದು ತಿಳಿಯುತ್ತದೆ. ಇನ್‌ಚಾರ್ಜ್ ಅವರ ರಿಪೋರ್ಟಿಂಗ್ ಬದಲಾದ ಸಾಲು ಕಹಿಯಾದದ್ದು. ಅದನ್ನು ಎಲ್ಲರೆದುರು ಬರೆಯುವುದು ಅವರಿಗೆ ಮುಖಭಂಗವಲ್ಲವೇ ಎಂಬ ಆಕ್ಷೇಪ ಬಂದೇ ಬರುತ್ತದೆ, ಅದಕ್ಕೆ ತೂಕವೂ ಇದೆ. ಆದರೆ ಬರೆಯದೆ ಬಿಟ್ಟರೆ ಆ ಮನುಷ್ಯನ ಬಗ್ಗೆ ಹಬ್ಬುವುದು ಇದಕ್ಕಿಂತ ಹೀನವಾದ ಸುದ್ದಿ: ಎಲ್ಲ ಕಿತ್ತುಕೊಂಡರಂತೆ, ಮುಂದಿನ ತಿಂಗಳು ಕಳಿಸುತ್ತಾರಂತೆ. ಬರೆದಾಗ ಅವರಲ್ಲಿ ಉಳಿದ ಮೂರು ಕೆಲಸಗಳೂ ಕಾಗದದ ಮೇಲೆ ಬರುತ್ತವೆ; ನಾಳೆ ಹೊಸ ಮುಖ್ಯಸ್ಥರು ಅವುಗಳಿಗೂ ಕೈಹಾಕಿದರೆ ತೋರಿಸಲು ಅವರ ಬಳಿ ಒಂದು ಆಧಾರ ಇರುತ್ತದೆ. ಷರತ್ತು ಒಂದೇ. ತಮ್ಮ ಬಗೆಗಿನ ಆ ಸಾಲುಗಳನ್ನು ಅವರು ಎಲ್ಲರ ಜೊತೆ ಮೊದಲ ಸಲ ಓದುವಂತಾಗಬಾರದು. ಎಂಡಿ ಸ್ವತಃ ಅವರನ್ನು ಕೂರಿಸಿಕೊಂಡು, ಈ ಹುದ್ದೆಯನ್ನು ನಿಮಗೆ ಏಕೆ ಕೊಡಲಿಲ್ಲ ಎಂಬ ಮಾತನ್ನೂ ತಪ್ಪಿಸಿಕೊಳ್ಳದೆ ಆಡಿ, ಕರಡನ್ನು ಕೈಗೆ ಕೊಡಬೇಕು. ಅವರು ಒಂದು ಪದ ಬದಲಿಸಿ ಎಂದರೆ ಬದಲಿಸಬೇಕು. ಈ ಮಾತುಕತೆಗೆ ಎಂಡಿಗೆ ಧೈರ್ಯ ಸಾಲದಿದ್ದಾಗಲೇ ಎಚ್‌ಆರ್‌ನವರು "ವಿಭಾಗವನ್ನು ಮುನ್ನಡೆಸುತ್ತಾರೆ" ಎಂಬ ಮಸುಕು ವಾಕ್ಯ ಬರೆಯಬೇಕಾಗುತ್ತದೆ. ಮಸುಕು ವಾಕ್ಯದ ಹಿಂದೆ ಹೆಚ್ಚಿನ ಸಲ ಮುಂದೂಡಿದ ಒಂದು ಮಾತುಕತೆ ಇರುತ್ತದೆ.

ಇನ್ನು ಹಿನ್ನೆಲೆ. ಮೇಲಿನ ಕರಡಿನಲ್ಲಿ ಅದು ಎರಡೇ ವಾಕ್ಯ. ಕಾಲೇಜಿನ ಹೆಸರು ಇಲ್ಲ, ಬೇಕೆಂದೇ ಬಿಟ್ಟದ್ದು. ಡಿಪ್ಲೊಮಾ ಮತ್ತು ಐಟಿಐ ಓದಿದವರೇ ಹೆಚ್ಚಿರುವ ಜಾಗದಲ್ಲಿ ಪ್ರತಿಷ್ಠಿತ ಕಾಲೇಜು ಎಂಬ ಎರಡು ಪದ ಹೊಸಬರ ಬಗ್ಗೆ ಏನನ್ನೂ ಹೇಳುವುದಿಲ್ಲ, ಓದುವವರ ಬಗ್ಗೆ ಹೇಳುತ್ತದೆ: ನೀವು ಅಲ್ಲಿ ಓದಿಲ್ಲ. ಹನ್ನೊಂದು ವರ್ಷದ ಹಿಂದೆ ಮುಗಿಸಿದ ಪದವಿ ಡಿವಿಯೇಷನ್ ನೋಟ್‌ಗೆ ಸಹಿ ಹಾಕುವ ಅರ್ಹತೆಯನ್ನು ಸಮರ್ಥಿಸುವುದೂ ಇಲ್ಲ. ಸಮರ್ಥಿಸುವುದು ಸಪ್ಲೈಯರ್ ಗುಣಮಟ್ಟ ನೋಡಿದ ಆ ನಾಲ್ಕು ವರ್ಷ. ಹಿನ್ನೆಲೆಯ ಪ್ರತಿ ಸಂಗತಿಗೂ ನಾನು ಕೇಳುವ ಪ್ರಶ್ನೆ ಇಷ್ಟೇ: ಇದು ಪಾತ್ರದ ಯಾವ ಸಾಲನ್ನು ವಿವರಿಸುತ್ತದೆ? ಉತ್ತರವಿಲ್ಲದ ಸಂಗತಿ ಹೊರಗೆ.

ಇದಕ್ಕೆ ಬರುವ ಪ್ರತಿವಾದ ಗಟ್ಟಿಯಾದದ್ದು, ಅದನ್ನು ಪೂರ್ತಿ ತಳ್ಳಿಹಾಕಲಾರೆ. ಮೂವತ್ತೈದರ ಮಹಿಳೆಯೊಬ್ಬಳು ಐವತ್ತರ ಗಂಡಸರ ಮೇಲೆ ಬಂದು ಕೂರುವಾಗ ಅವಳ ಅರ್ಹತೆಯನ್ನು ಅನುಮಾನಿಸುವವರು ಇದ್ದೇ ಇರುತ್ತಾರೆ. ಹಿನ್ನೆಲೆಯನ್ನು ಕತ್ತರಿಸಿದರೆ ಆ ಅನುಮಾನಕ್ಕೆ ನೀರೆರೆದಂತೆ ಅಲ್ಲವೇ? ಹೌದು, ಇಂಥ ಕಡೆ ಹಿನ್ನೆಲೆಗೆ ಇನ್ನೊಂದು ವಾಕ್ಯ ಕೊಡಬೇಕು. ಆದರೆ ಯಾವ ವಾಕ್ಯ ಎಂಬುದು ಮುಖ್ಯ. ಪದವಿ, ಪ್ರಶಸ್ತಿಗಳನ್ನು ಕಂಡರೆ ಅನುಮಾನಿಸುವವನಿಗೆ ಉರಿ ಹೆಚ್ಚುತ್ತದೆ. "ಅಲ್ಲಿ ಗ್ರೈಂಡಿಂಗ್ ಲೈನ್‌ನಲ್ಲಿ ಮೂರು ವರ್ಷ ರಾತ್ರಿ ಶಿಫ್ಟ್ ಮಾಡಿದ್ದಾರೆ" ಎಂಬ ವಾಕ್ಯ, ಅದು ನಿಜವಿದ್ದರೆ, ಅವನ ಬಾಯಿ ಮುಚ್ಚಿಸುತ್ತದೆ. ಅನುಭವವನ್ನು ಓದುವವರ ಕೆಲಸದ ಭಾಷೆಯಲ್ಲಿ ಹೇಳಬೇಕು. ರೆಸ್ಯೂಮೆಯ ಭಾಷೆ ಇಂಟರ್‌ವ್ಯೂ ಕೋಣೆಯಾಚೆ ಬೆಲೆ ಬಾಳುವುದಿಲ್ಲ.

ಬಿಡಲೇಬೇಕಾದವೂ ಕೆಲವಿವೆ. ಊರು, ವಯಸ್ಸು, ಮದುವೆ, ಮಕ್ಕಳು. "ಇಬ್ಬರು ಮುದ್ದು ಮಕ್ಕಳ ತಾಯಿ" ಎಂಬ ಸಾಲನ್ನು ಹೆಂಗಸರ ಪರಿಚಯದಲ್ಲಿ ಆಗಾಗ ಕಂಡಿದ್ದೇನೆ; ಇಬ್ಬರು ಮಕ್ಕಳ ತಂದೆ ಎಂಬುದು ಪ್ಲಾಂಟ್ ಹೆಡ್ ಪರಿಚಯದಲ್ಲಿ ಬಂದ ನೆನಪಿಲ್ಲ. ಊರಿನ ಹೆಸರು ನಮ್ಮಲ್ಲಿ ಮುಗ್ಧ ಮಾಹಿತಿಯಲ್ಲ. ಊರು ತಿಳಿದರೆ ಮುಂದಿನ ಪ್ರಶ್ನೆ ಯಾವ ಪಂಗಡ ಎಂಬುದಕ್ಕೆ ಹೋಗುತ್ತದೆ. ಇದನ್ನೆಲ್ಲ ಹೇಳಿಕೊಳ್ಳುವುದೋ ಬಿಡುವುದೋ ಸೇರಿದವರ ಇಷ್ಟ, ಕಂಪನಿಯದ್ದಲ್ಲ. ಕೆಲಸಕ್ಕಾಗಿ ಕೊಟ್ಟ ರೆಸ್ಯೂಮೆಯಿಂದ ಎತ್ತಿ ಎಲ್ಲರಿಗೂ ಹಂಚುವುದು ಬೇರೆ ಉದ್ದೇಶದ ಬಳಕೆ. ಒಂದು ಉದ್ದೇಶಕ್ಕೆ ಪಡೆದ ಮಾಹಿತಿಯನ್ನು ಆ ಉದ್ದೇಶಕ್ಕೇ ಬಳಸಬೇಕೆಂಬ ಆಲೋಚನೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಉದ್ದಕ್ಕೂ ಇದೆ. ಕಾನೂನಿನ ಭಯಕ್ಕಿಂತ ಸರಳವಾದ ದಾರಿ, ಕರಡನ್ನು ಹೊಸಬರಿಗೆ ಕಳಿಸಿ ಅವರ ಒಪ್ಪಿಗೆ ಪಡೆಯುವುದು. ಅವರು ಹಳೆಯ ಕಂಪನಿಯ ಹೆಸರು ಬೇಡ ಎನ್ನಬಹುದು. ಅಲ್ಲಿ ಇನ್ನೂ ನೋಟಿಸ್ ಪೀರಿಯಡ್ ನಡೆಯುತ್ತಿರಬಹುದು.

ನೋಟಿಸ್ ಪೀರಿಯಡ್ ಎಂದೊಡನೆ ತಾರೀಕಿನ ವಿಷಯ ಬರುತ್ತದೆ, ನಮ್ಮಲ್ಲಿ ಇದು ಎಲ್ಲಕ್ಕಿಂತ ಜಾರುವ ನೆಲ. ಅನುಭವಿಗಳಿಗೆ 60 ಅಥವಾ 90 ದಿನದ ನೋಟಿಸ್ ಸಾಮಾನ್ಯ. ಆಫರ್ ಒಪ್ಪಿದ ದಿನಕ್ಕೂ ಗೇಟಿನೊಳಗೆ ಕಾಲಿಡುವ ದಿನಕ್ಕೂ ನಡುವೆ ಎರಡು ಮೂರು ತಿಂಗಳು. ಈ ನಡುವೆ ಹಳೆಯ ಕಂಪನಿ ಸಂಬಳ ಏರಿಸಿ ಉಳಿಸಿಕೊಳ್ಳಬಹುದು, ಇನ್ನೊಂದು ಕಂಪನಿ ಮೇಲಿನ ಆಫರ್ ಕೊಡಬಹುದು, ದಾಖಲೆ ಪರಿಶೀಲನೆಯಲ್ಲಿ ಏನೋ ಸಿಕ್ಕಿಬೀಳಬಹುದು, ರಿಲೀವಿಂಗ್ ಲೆಟರ್ ತಡವಾಗಬಹುದು. ಆಫರ್ ಒಪ್ಪಿದ ದಿನವೇ ಎಲ್ಲರಿಗೂ ಸಾರಿದರೆ ಎರಡು ಅನಾಹುತ. ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಹಾರಿ, ರಾಜೀನಾಮೆ ಕೊಡುವ ಮೊದಲೇ ಹಳೆಯ ಕಂಪನಿಗೆ ಮುಟ್ಟಬಹುದು. ಪೀಣ್ಯದ ಎರಡು ಕಾರ್ಖಾನೆಗಳ ನಡುವೆ ಒಬ್ಬ ಕಾಮನ್ ಟೂಲ್ ಸಪ್ಲೈಯರ್ ಇದ್ದರೆ ಅಷ್ಟು ಸಾಕು. ಮತ್ತು ಇಲ್ಲಿ ಮೂರು ತಿಂಗಳು ಇನ್‌ಚಾರ್ಜ್ ಅವರ ಮಾತಿಗೆ ಬೆಲೆ ಇರುವುದಿಲ್ಲ, ಏಕೆಂದರೆ ಅವರ ಮೇಲೊಬ್ಬರು ಬರುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತು.

ತೀರಾ ತಡವಾದರೂ ಕಷ್ಟ. ಸೇರಿದ ದಿನ ಸೆಕ್ಯುರಿಟಿಯವರು ಗೇಟಿನಲ್ಲಿ ತಡೆದು ಯಾರನ್ನು ನೋಡಬೇಕು ಎಂದು ಕೇಳುವುದು, ಕೂರಲು ಮೇಜಿಲ್ಲದಿರುವುದು, ಇವೆಲ್ಲ ಪ್ರಕಟಣೆ ತಡವಾದ ಗುರುತುಗಳು. ಹಾಗಾಗಿ ಎರಡು ಹಂತ ಒಳ್ಳೆಯದು. ಇನ್‌ಚಾರ್ಜ್, ಪ್ಲಾಂಟ್ ಹೆಡ್, ಆ ಹುದ್ದೆಗೆ ಅರ್ಜಿ ಹಾಕಿ ಸಿಗದಿದ್ದ ಒಳಗಿನವರು, ಇಷ್ಟು ಜನರಿಗೆ ಎದುರೆದುರು ಬೇಗ ಹೇಳುವುದು. ಎಲ್ಲರಿಗೂ ಪ್ರಕಟಿಸುವುದು ಹಳೆಯ ಕಂಪನಿಯಲ್ಲಿ ರಾಜೀನಾಮೆ ಅಂಗೀಕಾರವಾಗಿ ಬಿಡುಗಡೆಯ ದಿನ ಗೊತ್ತಾದ ಮೇಲೆ, ಸೇರುವ ದಿನಕ್ಕೆ ಒಂದು ವಾರ ಮೊದಲು. ಪಟ್ಟಿಯಾದ ಕಂಪನಿಯ ಹಿರಿಯ ಹುದ್ದೆಯಾದರೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸುವ ಮೊದಲು ಒಳಗಿನ ಮೇಲ್ ಹೋಗುವಂತಿಲ್ಲ ಎಂಬ ನಿರ್ಬಂಧವೂ ಸೇರುತ್ತದೆ.

ಕರಡಿನಲ್ಲಿ ಎರಡು ತಾರೀಕು ಇಟ್ಟದ್ದಕ್ಕೆ ಕಾರಣವಿದೆ. ಸೇರುವ ದಿನವೇ ಅಧಿಕಾರದ ದಿನ ಎಂದು ಜನ ಓದಿಕೊಳ್ಳುತ್ತಾರೆ. ಆದರೆ ಸೇರಿದ ಮೊದಲ ದಿನ ಹೊಸ ಮುಖ್ಯಸ್ಥರಿಗೆ ಯಾವ ಗ್ರಾಹಕ ಯಾವ ಅಳತೆಯಲ್ಲಿ ಬಗ್ಗುತ್ತಾನೆ, ಯಾವುದರಲ್ಲಿ ಬಗ್ಗುವುದಿಲ್ಲ ಎಂಬುದು ಗೊತ್ತಿರುವುದಿಲ್ಲ. ಅಂದು ಅವರ ಸಹಿ ಕೇಳುವುದು ಅನ್ಯಾಯ. ಇನ್‌ಚಾರ್ಜ್ ಅವರೂ ಅಂದಿನಿಂದ ಸಹಿ ಹಾಕಲು ಹಿಂಜರಿದರೆ ಎರಡು ವಾರ ಡಿಸ್ಪ್ಯಾಚ್ ನಡೆಯುವುದಿಲ್ಲ. ಹಳೆಯ ಫ್ಯಾಕ್ಟರಿ ಕಾಯ್ದೆ, 1948ರದ್ದು, ಹೊಸ ಮ್ಯಾನೇಜರ್ ನೇಮಕವನ್ನು ಏಳು ದಿನದೊಳಗೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕೆಂದು ಹೇಳುತ್ತಿತ್ತು; ಆ ಏಳು ದಿನದ ಎಣಿಕೆ ಅವರು ಚಾರ್ಜ್ ವಹಿಸಿಕೊಂಡ ದಿನದಿಂದ. ಅದನ್ನು ಬರೆದವರಿಗೆ ಈ ಅಂತರ ಗೊತ್ತಿತ್ತು.

ತಲುಪಿಸುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಈ ಕಾರ್ಖಾನೆಯ 180 ಜನರಲ್ಲಿ ಮೇಲ್ ಐಡಿ ಇರುವವರು 60 ಎಂದುಕೊಳ್ಳಿ. ಉಳಿದವರಿಗೆ ಟೈಮ್ ಆಫೀಸ್ ಪಕ್ಕದ ನೋಟಿಸ್ ಬೋರ್ಡ್, ಶಿಫ್ಟ್ ಶುರುವಾಗುವ ಮುನ್ನಿನ ಐದು ನಿಮಿಷದ ಮಾತು. ಬೋರ್ಡಿನ ಮೇಲಿನದು ಕನ್ನಡದಲ್ಲಿರಬೇಕು, ಹಿಂದಿ ಮಾತ್ರ ಬಲ್ಲ ಕಾಂಟ್ರ್ಯಾಕ್ಟ್ ಕಾರ್ಮಿಕರಿಗೆ ಸೂಪರ್‌ವೈಸರ್ ಬಾಯಲ್ಲಿ ಹೇಳಬೇಕು. ಎರಡೂ ಶಿಫ್ಟ್‌ಗೆ ಅದೇ ದಿನ.

ಬರೆದದ್ದು ಮುಟ್ಟಿತೋ ಇಲ್ಲವೋ ತಿಳಿಯಲು ಸುಲಭದ ದಾರಿಯೊಂದಿದೆ. ಪ್ರಕಟಿಸುವ ಮೊದಲೇ ಕರಡನ್ನು ಡಿಸ್ಪ್ಯಾಚ್ ಗುಮಾಸ್ತನಿಗೆ ಓದಲು ಕೊಟ್ಟು, ಜೂನ್ 20ಕ್ಕೆ ಐದು ಮೈಕ್ರಾನ್ ಜಾಸ್ತಿ ಇರುವ ಲಾಟ್ ಬಂದರೆ ಯಾರ ಹತ್ತಿರ ಹೋಗುತ್ತೀಯಪ್ಪ ಎಂದು ಕೇಳುವುದು. ಆತ ತಡವರಿಸಿದರೆ ತಪ್ಪು ಕರಡಿನದು. ಸಹಿ ಬದಲಾದ ಮೂರನೆಯ ವಾರದಲ್ಲಿ ಡಿವಿಯೇಷನ್ ನೋಟ್‌ಗಳ ಫೈಲ್ ತೆಗೆದು ಸಹಿಗಳನ್ನು ನೋಡಬೇಕು. ಜೂನ್ 16ರ ನಂತರವೂ ಹಳೆಯ ಸಹಿ ಇದ್ದರೆ, ಅಥವಾ ಒಂದೇ ನೋಟ್‌ನಲ್ಲಿ ಇಬ್ಬರ ಸಹಿಯೂ ಇದ್ದರೆ, ಜನ ಪ್ರಕಟಣೆಯನ್ನು ನಂಬಿಲ್ಲವೆಂದು ಅರ್ಥ. ಎರಡು ಸಹಿ ಒಂದು ಸಹಿಗಿಂತ ಕೆಟ್ಟದ್ದು. ಸೂಪರ್‌ವೈಸರ್ ಸುರಕ್ಷಿತವಾಗಿರಲೆಂದು ಇಬ್ಬರನ್ನೂ ಸುತ್ತುತ್ತಿದ್ದಾನೆ.

ಆರು ತಿಂಗಳಲ್ಲಿ ಕೆಲಸಗಳ ಹಂಚಿಕೆ ಹೇಗೂ ಬದಲಾಗುತ್ತದೆ, ಇಷ್ಟು ಬಿಗಿಯಾಗಿ ಬರೆದು ಏನು ಉಪಯೋಗ ಎನ್ನುವವರೂ ಇದ್ದಾರೆ. ಬದಲಾಗುತ್ತದೆ ನಿಜ. ಬದಲಾದಾಗ ಇನ್ನೊಂದು ಪ್ರಕಟಣೆ ಹೊರಡಿಸಬೇಕು, ಅಷ್ಟೆ. ಮೊದಲಿನದು ಸ್ಪಷ್ಟವಾಗಿದ್ದರೆ ಎರಡನೆಯದು ಎರಡು ಸಾಲಿನಲ್ಲಿ ಮುಗಿಯುತ್ತದೆ.

ಹಾಗೆಯೇ ಜೂನ್ 2ರಂದು ಹೊಸಬರು ಬಾರದೇ ಹೋದರೂ. ಅಂಥ ದಿನ ಹೆಚ್ಚಿನ ಕಂಪನಿಗಳು ಮೌನಕ್ಕೆ ಶರಣಾಗುತ್ತವೆ. ಫೋಟೊ ಇದ್ದ ಮೇಲ್ ಎಲ್ಲರ ಇನ್‌ಬಾಕ್ಸ್‌ನಲ್ಲಿ ಉಳಿದಿರುತ್ತದೆ, ಮನುಷ್ಯ ಇರುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ಸಹಿಗಳ ಪಟ್ಟಿ ಇದ್ದ ಪ್ರಕಟಣೆ ಹೊರಡಿಸಿದ ಕಂಪನಿಗೆ ಆ ಸೌಕರ್ಯವಿಲ್ಲ. ಜೂನ್ 16 ಬಂದರೆ ಡಿವಿಯೇಷನ್ ನೋಟ್‌ಗೆ ಸಹಿ ಯಾರದೆಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ಜೂನ್ 3ರ ಬೆಳಿಗ್ಗೆ ಅದೇ ಬೋರ್ಡಿನ ಮೇಲೆ ಬರೆಯಬೇಕಾಗುತ್ತದೆ: "ಗುಣಮಟ್ಟ ವಿಭಾಗದ ಮುಖ್ಯಸ್ಥರ ನೇಮಕ ಸದ್ಯಕ್ಕೆ ಆಗಿಲ್ಲ. ಮುಂದಿನ ಸೂಚನೆಯವರೆಗೆ ಎಲ್ಲ ಸಹಿಗಳೂ ಈಗಿನ ಇನ್‌ಚಾರ್ಜ್ ಅವರವೇ. ಅವರು ಎಂಡಿಗೆ ರಿಪೋರ್ಟ್ ಮಾಡುತ್ತಾರೆ." ಏಕೆ ಬರಲಿಲ್ಲ ಎಂಬುದು ಬರದವರ ಸ್ವಂತ ವಿಷಯ, ಅದನ್ನು ಬರೆಯುವ ಹಕ್ಕು ಕಂಪನಿಗಿಲ್ಲ. ಬರೆಯುವ ಮುನ್ನ ಎಂಡಿ ಮತ್ತೊಮ್ಮೆ ಇನ್‌ಚಾರ್ಜ್ ಅವರನ್ನು ಕರೆದು ಮಾತಾಡಬೇಕು, ಮತ್ತು ಈ ಸಲ ಆ ಹುದ್ದೆಯ ಬಗ್ಗೆ ಅವರು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಂಡಿರಬೇಕು.